ಹಾರುಬೂದಿ ಪೇವರ್, ಪ್ಲಾಸ್ಟಿಕ್ ಪೇವರ್: ತಯಾರಿಸುವವರು, ಟೆಸ್ಟ್ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಪೇವರ್ ಘಟಕದವರು, ಸ್ವಸಹಾಯ ಸಂಘದವರು, ಪ್ರಾಜೆಕ್ಟಿಗೆ ಬ್ಲಾಕ್ ಮಾಡುವ ಸಿವಿಲ್ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಉದಾಹರಣೆಗೆಲ್ಲ ಒಂದೇ ಬ್ಲಾಕ್ ಹಿಡಿದಿದ್ದೇನೆ: 200 ಮಿ.ಮೀ. ಉದ್ದ, 100 ಅಗಲ, 60 ದಪ್ಪ, ಗುರಿ ಎಂ-35, ಅಂದರೆ 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 35 ನ್ಯೂಟನ್ ಭಾರ ತಡೆಯುವ ಗ್ರೇಡ್. ಮನೆ ಅಂಗಳ, ಪಾರ್ಕಿಂಗ್, ಕಡಿಮೆ ಓಡಾಟದ ಓಣಿ ರಸ್ತೆಗೆ ಜಾಸ್ತಿ ಹೋಗುವುದು ಇದೇ.

## ಶುರು ಮಾಡುವ ಮುಂಚೆ

ಹಾರುಬೂದಿ ಬ್ಲಾಕು, ಪ್ಲಾಸ್ಟಿಕ್ ಬ್ಲಾಕು ಎರಡೂ ಒಂದ ನಮೂನಿ ಏನ್ರೀ?

ಅಲ್ಲ. ಹೊರಗಿನಿಂದ ಆಕಾರ ಒಂದೇ, ಒಳಗೆ ಬೇರೆಯೇ ವಸ್ತು. ಹಾರುಬೂದಿ ಬ್ಲಾಕ್ ಅಂದರೆ ಕಾಂಕ್ರೀಟೇ. ಸಿಮೆಂಟಿನ ಒಂದು ಪಾಲು ತೆಗೆದು ಆ ಜಾಗಕ್ಕೆ ಬೂದಿ ಹಾಕಿರುತ್ತಾರೆ. ಅದು ಗಟ್ಟಿಯಾಗಲು ನೀರು ಬೇಕು, ದಿನಗಳು ಬೇಕು. ಪ್ಲಾಸ್ಟಿಕ್ ಬ್ಲಾಕಿನಲ್ಲಿ ಸಿಮೆಂಟೇ ಇಲ್ಲ. ಕರಗಿದ ಪ್ಲಾಸ್ಟಿಕ್ ಉಸುಕನ್ನು ಹಿಡಿದುಕೊಂಡಿರುತ್ತದೆ, ತಣ್ಣಗಾದರೆ ಕೆಲಸ ಮುಗಿಯಿತು. ಆದ್ದರಿಂದ ಕ್ಯೂರಿಂಗ್ ಆಗಲಿ ಟೆಸ್ಟ್ ಆಗಲಿ, ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಗೇ ಹಚ್ಚಲು ಬರುವುದಿಲ್ಲ.

ಮಾರಾಟಕ್ಕೆ ಘಟಕ ಹಾಕುವವರಿಗೆ ನನ್ನ ಸಲಹೆ, ಮೊದಲು ಹಾರುಬೂದಿಯಲ್ಲಿ ಕೈ ಪಳಗಿಸಿಕೊಳ್ಳಿ. ಅದಕ್ಕೆ ಐಎಸ್ 15658 ಅನ್ನುವ ಮಾನದಂಡ ಇದೆ, ಗಿರಾಕಿ ರಿಪೋರ್ಟ್ ಕೇಳಿದರೆ ತೋರಿಸಬಹುದು. ಪ್ಲಾಸ್ಟಿಕ್ ಬ್ಲಾಕಿನ ಮಾತು ಕೊನೆಯ ಭಾಗದಲ್ಲಿದೆ.

ಬೂದಿ ಎಲ್ಲಿಂದ ತರೋದು? ಚಲೋ ಐತೋ ಇಲ್ಲೋ ಹೆಂಗ ಗುರುತಿಸೋದು?

ನಮ್ಮ ಭಾಗಕ್ಕೆ ಹತ್ತಿರದ ಉಷ್ಣ ವಿದ್ಯುತ್ ಸ್ಥಾವರಗಳೆಂದರೆ ವಿಜಯಪುರ ಜಿಲ್ಲೆಯ ಕೂಡಗಿ, ಬಳ್ಳಾರಿ ಬಳಿಯ ಕುಡಿತಿನಿ. ರಾಯಚೂರಿನ ಶಕ್ತಿನಗರ ಇನ್ನೂ ಆಚೆ. ಚಿಮಣಿಗೆ ಹೋಗುವ ಹೊಗೆಯಿಂದ ಹಿಡಿದಿಟ್ಟ ಒಣ ಬೂದಿಯೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಹೊಂಡದಿಂದ ತೋಡಿದ ಹಸಿ ಬೂದಿ ಅಗ್ಗ, ಆದರೆ ಅದರಲ್ಲಿ ಬಾಯ್ಲರ್ ತಳದ ದಪ್ಪ ಬೂದಿ ಸೇರಿರುತ್ತದೆ. ಅದನ್ನು ಉಸುಕಿನ ಬದಲಿಗೆ ಸ್ವಲ್ಪ ಬಳಸಬಹುದು, ಸಿಮೆಂಟಿನ ಬದಲಿಗಲ್ಲ.

ಒಳ್ಳೆಯ ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಮೈದಾ ಹಿಟ್ಟಿನ ಹಾಗೆ ಜಾರುತ್ತದೆ, ಹರಳು ತಾಗುವುದಿಲ್ಲ. ಬಣ್ಣ ತಿಳಿ ಬೂದು. ಕಪ್ಪಗಿದ್ದರೆ ಸುಡದ ಕಲ್ಲಿದ್ದಲು ಉಳಿದಿದೆ ಅಂತ ಅನುಮಾನ ಪಡಿ. ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿ ಕಲಕಿ ಬಿಟ್ಟರೆ ಅಂಥ ಬೂದಿ ಮೇಲೆ ಕಪ್ಪು ಕೆನೆ ಕಟ್ಟುತ್ತದೆ. ಈ ಇದ್ದಲಿನ ಪುಡಿ, ಕಡಿಮೆ ನೀರು ಸಾಕಾಗಲಿ ಅಂತ ನೀವು ಹಾಕುವ ರಾಸಾಯನಿಕವನ್ನು, ಅಂದರೆ ಅಡ್ಮಿಕ್ಸರನ್ನು ಹೀರಿಕೊಳ್ಳುತ್ತದೆ. ಮಿಶ್ರಣ ಬಿಗಿಯಾಯಿತು ಅಂತ ಆಳು ನೀರು ಹೊಯ್ಯುತ್ತಾನೆ, ಸ್ಟ್ರೆಂತ್ ಅಲ್ಲೇ ಹೋಯಿತು. ಇವು ಗೇಟಿನಲ್ಲಿ ಮಾಡುವ ಪರೀಕ್ಷೆ ಅಷ್ಟೇ. ಲೋಡ್ ಜೊತೆ ಐಎಸ್ 3812 ಭಾಗ 1ರ ಪ್ರಕಾರದ ರಿಪೋರ್ಟ್ ಕೇಳಿ. ಅದರಲ್ಲಿ ಎರಡು ಸಾಲು ನೋಡಿದರೆ ಸಾಕು: 45 ಮೈಕ್ರಾನ್ ಜರಡಿಯ ಮೇಲೆ ಉಳಿದದ್ದು ಶೇ. 34 ದಾಟಬಾರದು, ಸುಟ್ಟಾಗ ಕಳೆದುಹೋಗುವ ತೂಕ ಶೇ. 5 ದಾಟಬಾರದು.

ನಮ್ಮೂರ ಅಂಗಡ್ಯಾಗ ಪಿಪಿಸಿ ಸಿಮೆಂಟ್ ಅಷ್ಟ ಸಿಗ್ತದ. ಅದಕ್ಕ ಬೂದಿ ಹಾಕಿದ್ರ ನಡೀತದಲ್ಲ?

ಸ್ಟ್ರೆಂತ್ ಬರಲಿಲ್ಲ ಅಂತ ಬರುವ ಎಷ್ಟೋ ಬ್ಲಾಕುಗಳ ಕಥೆ ಇಲ್ಲೇ ಶುರುವಾಗಿರುತ್ತದೆ. ಪಿಪಿಸಿ ಅಂದರೆ ಕಾರ್ಖಾನೆಯಲ್ಲೇ ಹಾರುಬೂದಿ ಬೆರೆಸಿದ ಸಿಮೆಂಟು. ಶೇ. 15ರಿಂದ 35ರವರೆಗೆ ಇರಬಹುದು. ಶೇ. 30 ಇದೆ ಅಂದುಕೊಳ್ಳಿ. 40 ಕೆ.ಜಿ. ಪಿಪಿಸಿಯಲ್ಲಿ ಆಗಲೇ 12 ಕೆ.ಜಿ. ಬೂದಿ ಇದೆ. ನೀವು ಇನ್ನು 10 ಕೆ.ಜಿ. ಹಾಕಿದರೆ 50ರಲ್ಲಿ 22 ಕೆ.ಜಿ. ಬೂದಿ, ಅಂದರೆ ಶೇ. 44. ನೀವು ಶೇ. 20 ಅಂತ ತಿಳಿದಿರುತ್ತೀರಿ.

ಬೂದಿ ಬೆರೆಸುವುದಾದರೆ ಕಾರ್ಖಾನೆಯಲ್ಲಿ ಬೂದಿ ಬೆರೆಸದ ಸಿಮೆಂಟು, ಅಂದರೆ ಒಪಿಸಿ 43 ಅಥವಾ 53 ಗ್ರೇಡ್ ತರಿಸಿ. ಪಿಪಿಸಿಯೇ ಗತಿ ಅಂದರೆ ಮತ್ತೆ ಬೂದಿ ಹಾಕಬೇಡಿ. ಚೀಲದ ಮೇಲೆ ಬೂದಿಯ ಪ್ರಮಾಣ ಅಚ್ಚಾಗಿರುತ್ತದೆ, ಓದಿ.

## ಮಿಶ್ರಣ ಮತ್ತು ಕ್ಯೂರಿಂಗ್

ಒಂದು ಮಿಕ್ಸಿಗೆ ಏನೇನು, ಎಷ್ಟೆಷ್ಟು?

ರಬ್ಬರ್ ಅಥವಾ ಪಿವಿಸಿ ಮೋಲ್ಡ್, ವೈಬ್ರೇಟರ್ ಟೇಬಲ್ ಇಟ್ಟುಕೊಂಡ ಘಟಕಕ್ಕೆ ಶುರುವಿನ ಅಳತೆ ಹೇಳುತ್ತೇನೆ. ಒಪಿಸಿ 40 ಕೆ.ಜಿ., ಹಾರುಬೂದಿ 10 ಕೆ.ಜಿ., ಎಂ-ಸ್ಯಾಂಡ್ 95 ಕೆ.ಜಿ., 6ರಿಂದ 10 ಎಂಎಂ ಖಡಿ 110 ಕೆ.ಜಿ., ನೀರು ಹದಿನೆಂಟೂವರೆ ಲೀಟರ್. ನೀರು ಕಡಿಮೆ ಮಾಡುವ ಅಡ್ಮಿಕ್ಸರ್ ಅನ್ನು ಕಂಪನಿ ಡಬ್ಬಿಯ ಮೇಲೆ ಹೇಳಿದಷ್ಟು. ಇದರಲ್ಲಿ ಸುಮಾರು 90ರಿಂದ 95 ಬ್ಲಾಕ್ ಬರುತ್ತವೆ, ಒಂದೊಂದು ಹತ್ತಿರ ಹತ್ತಿರ 2.8 ಕೆ.ಜಿ. ತೂಗುತ್ತದೆ. ನಿಮ್ಮ ಖಡಿ, ನಿಮ್ಮ ಉಸುಕಿಗೆ ತಕ್ಕಂತೆ ಟ್ರಯಲ್ ಹಾಕಿ ಸರಿಮಾಡಿಕೊಳ್ಳಬೇಕು.

ಇದರಲ್ಲಿ ಕೈ ಕೊಡುವುದು ನೀರು. ಸಿಮೆಂಟ್ ಬೂದಿ ಸೇರಿ 50 ಕೆ.ಜಿ.ಗೆ 18.5 ಲೀಟರ್, ಅಂದರೆ ಅನುಪಾತ 0.37. ಈಗ ರಾತ್ರಿ ಮಳೆ ಬಂದು ಎಂ-ಸ್ಯಾಂಡ್ ನೆನೆದಿದೆ ಅಂದುಕೊಳ್ಳಿ. ಅದರಲ್ಲಿ ಶೇ. 4 ಹಸಿ ಇದ್ದರೂ 95 ಕೆ.ಜಿ.ಯಲ್ಲಿ 3.8 ಲೀಟರ್ ನೀರು ಉಸುಕಿನ ಜೊತೆಗೇ ಬಂತು. ನೀವು ರೂಢಿಯಂತೆ 18.5 ಹಾಕಿದರೆ ಒಟ್ಟು 22.3 ಲೀಟರ್. ಅನುಪಾತ 0.45 ಆಯಿತು. ಅದೇ ಸಿಮೆಂಟು, ಅದೇ ಆಳು, ಆದರೂ ಆ ದಿನದ ಬ್ಲಾಕ್ ದುರ್ಬಲ. ನೀರೂ ಜಾಸ್ತಿ ಕುಡಿಯುತ್ತದೆ.

ಉಪಾಯ ಸರಳ. ಬೆಳಿಗ್ಗೆ ಒಂದು ಕೆ.ಜಿ. ಉಸುಕನ್ನು ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ. ಎಷ್ಟು ಇಳಿಯಿತೋ ಅಷ್ಟು ಹಸಿ. ಅದರ ಲೆಕ್ಕ ಹಿಡಿದು ನೀರು ಕಡಿಮೆ ಮಾಡಿ, ಉಸುಕನ್ನು ಅಷ್ಟೇ ಹೆಚ್ಚು ತೂಗಿ ಹಾಕಿ. ಬುಟ್ಟಿ ಲೆಕ್ಕ ಬಿಟ್ಟು ತಕ್ಕಡಿ ಲೆಕ್ಕಕ್ಕೆ ಬರದೆ ಇದು ಸಾಧ್ಯವಿಲ್ಲ.

7 ದಿನಕ್ಕ ಲ್ಯಾಬಿಗೆ ಕೊಟ್ಟೆ, ಸ್ಟ್ರೆಂತ್ ಬರಲಿಲ್ಲ. ಬೂದಿ ಹಾಕಿದ್ದೇ ತಪ್ಪಾತೇನು?

ತಪ್ಪಾಗಿಲ್ಲ, ಅವಸರ ಆಗಿದೆ. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸ್ವಲ್ಪ ಸುಣ್ಣ ಬಿಡುತ್ತದೆ. ಹಾರುಬೂದಿ ಕೆಲಸ ಮಾಡುವುದು ಆ ಸುಣ್ಣದ ಜೊತೆ. ಅಂದರೆ ಮೊದಲು ಸಿಮೆಂಟ್ ತನ್ನ ಪಾಳಿ ಶುರು ಮಾಡಬೇಕು, ಆಮೇಲೆ ಬೂದಿಯದು. ಹಾಗಾಗಿ ಬೂದಿ ಬ್ಲಾಕ್ 7 ದಿನಕ್ಕೆ ಬರೀ ಸಿಮೆಂಟಿನ ಬ್ಲಾಕಿಗಿಂತ ಹಿಂದೆ ಇರುತ್ತದೆ. 28 ದಿನಕ್ಕೆ ಹತ್ತಿರ ಬರುತ್ತದೆ, ಆಮೇಲೂ ಏರುತ್ತಾ ಹೋಗುತ್ತದೆ. ಮಾನದಂಡ ಕೇಳುವುದೂ 28 ದಿನದ ಸ್ಟ್ರೆಂತನ್ನೇ.

ಆದರೆ ಈ ಕೆಲಸ ನಡೆಯಲು ಬ್ಲಾಕಿನೊಳಗೆ ಹಸಿ ಇರಲೇಬೇಕು. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಮೂರು ದಿನ ಪೈಪು ಹಿಡಿದು ಬಿಟ್ಟರೆ ಬೂದಿ ಸುಮ್ನೆ ಪುಡಿಯಾಗಿ ಒಳಗೆ ಕೂತಿರುತ್ತದೆ. ಮೋಲ್ಡಿನಿಂದ ತೆಗೆದ ಮೇಲೆ ತೊಟ್ಟಿಯಲ್ಲಿ ಮುಳುಗಿಸಿಡುವುದು ಉತ್ತಮ. ತೊಟ್ಟಿ ಇಲ್ಲದಿದ್ದರೆ ಗೋಣಿಚೀಲ ಹೊದಿಸಿ ಎರಡು ವಾರ ಹಸಿ ಆರದಂತೆ ನೋಡಿಕೊಳ್ಳಿ. ಒಂದು ಬ್ಲಾಕ್ ಒಡೆದು ನೋಡಿದರೂ ಅಂದಾಜು ಸಿಗುತ್ತದೆ. ಅಂಚು ಉಗುರಿಗೆ ಉದುರುತ್ತದೆ, ಒಳಗೆ ಗಟ್ಟಿ ಇದೆ ಅಂದರೆ ಹೊರಮೈ ಬೇಗ ಒಣಗಿದೆ ಎಂದರ್ಥ.

## ಕಂಪ್ರೆಸಿವ್ ಸ್ಟ್ರೆಂತ್

ಲ್ಯಾಬಿಗೆ ಎಷ್ಟು ಬ್ಲಾಕ್ ಒಯ್ಯಬೇಕು? ಚಂದ ಇರೋವು ಆರಿಸಿ ಕೊಡ್ಲಾ?

ಸ್ಟ್ರೆಂತಿಗೆ 8, ನೀರು ಹೀರುವಿಕೆಗೆ 3. ದಾರಿಯಲ್ಲಿ ಮೂಲೆ ಒಡೆದರೆ ಇರಲಿ ಅಂತ ಒಂದೆರಡು ಹೆಚ್ಚು ಒಯ್ಯಿರಿ. ಚಂದದವನ್ನು ಆರಿಸಿ ಕೊಟ್ಟರೆ ಆ ರಿಪೋರ್ಟ್ ಆ ಎಂಟು ಬ್ಲಾಕಿಗೆ ಮಾತ್ರ. ರಾಶಿಯ ಬೇರೆ ಬೇರೆ ಕಡೆಯಿಂದ, ಮೇಲಿನದು ತಳದ್ದು ಸೇರಿಸಿ ತೆಗೆಯಿರಿ. ಪ್ರತಿಯೊಂದರ ಮೇಲೂ ಹಾಕಿದ ತಾರೀಖು ಬರೆಯಿರಿ. ತಾರೀಖೇ ಇಲ್ಲದ ಬ್ಲಾಕಿಗೆ 28 ದಿನ ಅಂತ ಯಾರು ಹೇಗೆ ಬರೆದುಕೊಡುವುದು, ಅಲ್ವಾ?

ಮಷೀನಿನ್ಯಾಗ ಇಟ್ಟು ಒಡೆಯೋದಷ್ಟ ಅಲ್ಲೇನ್ರೀ? ಅದರಾಗ ಏನ್ ನೋಡೋದು?

ನೋಡುವುದು ಮೂರು ಕಡೆ ಇದೆ. ಮೊದಲನೆಯದು ಹಸಿ. ಬ್ಲಾಕ್ ಹಿಂದಿನ ದಿನದಿಂದ 24 ತಾಸು ನೀರಿನಲ್ಲಿ ಇದ್ದಿರಬೇಕು. ಒಣ ಕಾಂಕ್ರೀಟ್ ಹಸಿ ಕಾಂಕ್ರೀಟಿಗಿಂತ ಹೆಚ್ಚು ಲೋಡ್ ತೋರಿಸುತ್ತದೆ, ಆದ್ದರಿಂದ ಒಣ ಬ್ಲಾಕಿನ ಅಂಕಿ ನಂಬಬಾರದು.

ಎರಡನೆಯದು ಪ್ಲೈವುಡ್. ಬ್ಲಾಕಿನ ಮೇಲೆ ಕೆಳಗೆ 4 ಎಂಎಂ ಪ್ಲೈವುಡ್ ತುಂಡು ಇಡುತ್ತಾರೆ. ಬ್ಲಾಕಿನ ಮೇಲ್ಮೈ ಪೂರ್ತಿ ಸಪಾಟ ಇರುವುದಿಲ್ಲ. ಪ್ಲೈವುಡ್ ಇಲ್ಲದಿದ್ದರೆ ಉಬ್ಬಿದ ಜಾಗದ ಮೇಲೆ ಮಾತ್ರ ಭಾರ ಕೂತು ಬ್ಲಾಕ್ ಬೇಗ ಸೀಳುತ್ತದೆ. ಆಗಲೇ ಜಜ್ಜಿದ ತುಂಡನ್ನೇ ಮತ್ತೆ ಮತ್ತೆ ಬಳಸುತ್ತಿದ್ದರೆ ಹೊಸದು ಕೇಳಿ.

ಮೂರನೆಯದು ವೇಗ. ಲೋಡ್ ನಿಮಿಷಕ್ಕೆ ಸುಮಾರು 15 ಎಂಪಿಎ, ಅಂದರೆ ಚದರ ಮಿ.ಮೀ.ಗೆ 15 ನ್ಯೂಟನ್ ಲೆಕ್ಕದಲ್ಲಿ ಏರಬೇಕು. ನಮ್ಮ ಬ್ಲಾಕಿನ ವಿಸ್ತೀರ್ಣ 20,000 ಚದರ ಮಿ.ಮೀ., ಅಂದರೆ ನಿಮಿಷಕ್ಕೆ 300 ಕಿಲೋನ್ಯೂಟನ್. 740, 750ಕ್ಕೆ ಒಡೆಯುವ ಬ್ಲಾಕಿಗೆ ಎರಡೂವರೆ ನಿಮಿಷ ಹಿಡಿಯಬೇಕು. ಅರ್ಧ ನಿಮಿಷದಲ್ಲಿ ಪಟ್ಟನೆ ಒಡೆದು ಮುಗಿಸಿದರೆ ಲೋಡ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಪಕ್ಕದಲ್ಲಿ ನಿಂತು ಗಡಿಯಾರ ನೋಡಲು ಯಾರೂ ಬೇಡ ಅನ್ನುವುದಿಲ್ಲ.

ರಿಪೋರ್ಟಿನ್ಯಾಗ ಎರಡು ಸ್ಟ್ರೆಂತ್ ಬರದಾರ, 37 ಒಂದು, 39 ಒಂದು. ಯಾವುದು ಖರೆ?

ಎರಡೂ ಖರೆ. ಲೆಕ್ಕ ಬಿಡಿಸಿ ನೋಡೋಣ. ಎಂಟು ಬ್ಲಾಕ್ ಒಡೆದ ಲೋಡ್, ಕಿಲೋನ್ಯೂಟನ್‌ನಲ್ಲಿ: 742, 768, 701, 755, 733, 779, 720, 762. ಸರಾಸರಿ 745. ಇದನ್ನು ನ್ಯೂಟನ್ ಮಾಡಿ ವಿಸ್ತೀರ್ಣದಿಂದ ಭಾಗಿಸಿದರೆ 7,45,000 ÷ 20,000 = 37.25 ಎಂಪಿಎ. ಇದು ಮಷೀನು ತೋರಿಸಿದ ಸ್ಟ್ರೆಂತ್.

ತೆಳು ಬ್ಲಾಕ್ ದಪ್ಪ ಬ್ಲಾಕಿಗಿಂತ ಹೆಚ್ಚು ಲೋಡ್ ತಡೆದಂತೆ ಕಾಣುತ್ತದೆ. ಮೇಲಿನ ಕೆಳಗಿನ ಪ್ಲೇಟುಗಳೇ ಅದನ್ನು ಪಕ್ಕಕ್ಕೆ ಹರಡದಂತೆ ಹಿಡಿದಿರುತ್ತವೆ. ಅಂಚು ಕೆತ್ತಿದ ಬ್ಲಾಕಿನಲ್ಲಿ ಭಾರ ಹೊರುವ ಮೇಲ್ಮೈಯೂ ಸ್ವಲ್ಪ ಕಡಿಮೆ. ಎಲ್ಲರನ್ನೂ ಒಂದೇ ಸಾಲಿಗೆ ತರಲು ಐಎಸ್ 15658ರ 2006ರ ಆವೃತ್ತಿಯಲ್ಲಿ ಒಂದು ಗುಣಕ ಕೊಟ್ಟಿದ್ದಾರೆ. ಅಂಚು ಕೆತ್ತಿದ 60 ಎಂಎಂ ಬ್ಲಾಕಿಗೆ ಅದು 1.06, ಕೆತ್ತದ ಬ್ಲಾಕಿಗೆ 1.00. ನಮ್ಮ ಬ್ಲಾಕ್ ಅಂಚು ಕೆತ್ತಿದ್ದು ಅಂತ ಹಿಡಿದರೆ 37.25 × 1.06 = 39.5. ಎಂ-35ಕ್ಕೆ ಹೋಲಿಸಬೇಕಾದದ್ದು ಈ ಎರಡನೆಯ ಅಂಕಿ.

ಅಂಚು ಕೆತ್ತಿದ 80 ಎಂಎಂ ಬ್ಲಾಕಿನ ಗುಣಕ 1.18. ಅದನ್ನು 60 ಎಂಎಂ ಬ್ಲಾಕಿಗೆ ಹಚ್ಚಿದರೆ ಇದೇ ಬ್ಲಾಕ್ 44 ಆಗಿಬಿಡುತ್ತದೆ. ದಪ್ಪ ಎಷ್ಟು, ಗುಣಕ ಎಷ್ಟು ಅಂತ ರಿಪೋರ್ಟಿನಲ್ಲಿ ಜೋಡಿಸಿ ನೋಡಿ. ಮಾನದಂಡ 2021ರಲ್ಲಿ ಪರಿಷ್ಕಾರ ಆಗಿದೆ, ಲ್ಯಾಬ್ ಯಾವ ವರ್ಷದ ಆವೃತ್ತಿ ಹಿಡಿದಿದೆ ಅಂತಲೂ ಕೇಳಿ.

ಸರಾಸರಿ 35 ಮುಟ್ಟಿತು ಅಂದರೆ ಪಾಸ್ ಅಲ್ಲ. ಬ್ಲಾಕಿನಿಂದ ಬ್ಲಾಕಿಗೆ ಏರುಪೇರು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು 35ಕ್ಕಿಂತ ಮೇಲಿರಬೇಕು. ಮೇಲಿನ ಉದಾಹರಣೆಯಲ್ಲಿ ಎಲ್ಲಕ್ಕಿಂತ ಕಡಿಮೆಯ 701 ಕೂಡ ಗುಣಕ ಹಚ್ಚಿದಾಗ 37 ದಾಟುತ್ತದೆ, ಏರುಪೇರೂ ಕಡಿಮೆ. ಇದು ನೆಮ್ಮದಿಯ ರಿಪೋರ್ಟ್. ಅದೇ 745 ಸರಾಸರಿ 520 ಮತ್ತು 930ರ ನಡುವೆ ಜೋಲಾಡಿ ಬಂದಿದ್ದರೆ ನಿಮ್ಮ ನೀರಿನ ಅಳತೆಯನ್ನೋ ವೈಬ್ರೇಟರನ್ನೋ ನೋಡಿಕೊಳ್ಳಬೇಕು.

ಜಿಗ್‌ಜಾಗ್ ಬ್ಲಾಕಿನ ವಿಸ್ತೀರ್ಣ ಹೆಂಗ ತೆಗೆಯೋದು?

ರಟ್ಟಿನಿಂದ. ಬ್ಲಾಕನ್ನು ದಪ್ಪ ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕತ್ತರಿಸಿ. ಅದೇ ರಟ್ಟಿನಲ್ಲಿ 200 × 100 ಮಿ.ಮೀ. ಆಯತವನ್ನೂ ಕತ್ತರಿಸಿ. ಎರಡನ್ನೂ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಆಯತ 12.40 ಗ್ರಾಂ, ಜಿಗ್‌ಜಾಗ್ 16.12 ಗ್ರಾಂ ಬಂದರೆ ವಿಸ್ತೀರ್ಣ 20,000 × 16.12 ÷ 12.40 = 26,000 ಚದರ ಮಿ.ಮೀ.

ಇದು ಹಳ್ಳಿ ಉಪಾಯ ಅಂತ ನಗಬೇಡಿ, ಮಾನದಂಡದಲ್ಲೇ ಹೇಳಿದ ದಾರಿ. ಇದನ್ನು ಬಿಟ್ಟು ಹೊರ ಅಂಚಿನಿಂದ ಹೊರ ಅಂಚಿಗೆ 240 × 130 ಅಂತ ಟೇಪ್ ಹಿಡಿದರೆ 31,200 ಆಗುತ್ತದೆ. ಆಗ ಒಳ್ಳೆಯ ಬ್ಲಾಕಿನ ಸ್ಟ್ರೆಂತ್ ಕಾಗದದ ಮೇಲೆ ಆರರಲ್ಲಿ ಒಂದು ಪಾಲು ಇಳಿದುಹೋಗುತ್ತದೆ.

## ನೀರು ಹೀರುವಿಕೆ

ನೀರು ಹೀರೋ ಟೆಸ್ಟ್ ಮನೀಲೇ ಮಾಡಬಹುದಾ?

ಅರ್ಧ ಮಾಡಬಹುದು. ಬ್ಲಾಕನ್ನು 24 ತಾಸು ಮುಳುಗಿಸಿಡಿ. ತೆಗೆದು ಒಂದು ನಿಮಿಷ ಜಾಳಿಗೆ ಮೇಲೆ ನೀರು ಬಸಿಯಲು ಬಿಡಿ. ಹಸಿ ಬಟ್ಟೆಯಿಂದ ಮೇಲಿನ ನೀರು ಒರೆಸಿ ತೂಗಿ. ಒಣ ಬಟ್ಟೆ ಬೇಡ, ಅದು ರಂಧ್ರದೊಳಗಿನ ನೀರನ್ನೂ ಎಳೆಯುತ್ತದೆ. ಇಷ್ಟು ಮನೆಯಲ್ಲಿ ಆಗುತ್ತದೆ. ಆಮೇಲೆ ಓವನ್ ಬೇಕು. ಸುಮಾರು 107 ಡಿಗ್ರಿಯಲ್ಲಿ ಕನಿಷ್ಠ 24 ತಾಸು ಒಣಗಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ನೋಡಬೇಕು.

ಹಸಿ ತೂಕ 2.918 ಕೆ.ಜಿ., ಒಣ ತೂಕ 2.776 ಬಂತು ಅಂದುಕೊಳ್ಳಿ. ವ್ಯತ್ಯಾಸ 0.142. ಅದನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 5.1. ಮೂರು ಬ್ಲಾಕಿನ ಸರಾಸರಿ ಶೇ. 6 ಮೀರಬಾರದು, ಯಾವುದೇ ಒಂದು ಬ್ಲಾಕ್ ಶೇ. 7 ಮೀರಬಾರದು.

ಒಬ್ಬರ ರಿಪೋರ್ಟಿನ್ಯಾಗ ಶೇ. 3 ಐತಿ, ನಮ್ದು 5. ಅವರ ಮಾಲು ಅಷ್ಟು ಚಲೋ ಏನು?

ಇರಬಹುದು. ದೊಡ್ಡ ಪ್ರೆಸ್ ಮಷೀನಿನಲ್ಲಿ ಚೆನ್ನಾಗಿ ಒತ್ತಿದ ಬ್ಲಾಕಿಗೆ ಅಷ್ಟು ಬಂದರೆ ಆಶ್ಚರ್ಯ ಇಲ್ಲ. ಆದರೆ ಮೊದಲು ಒಣ ತೂಕ ಹೇಗೆ ತೆಗೆದರು ಅಂತ ಕೇಳಿ. ನಿಮ್ಮದೇ ಬ್ಲಾಕನ್ನು ಓವನ್ ಬಿಟ್ಟು ಎರಡು ದಿನ ಬಿಸಿಲಿಗೆ ಇಟ್ಟು ತೂಗಿದ್ದರೆ ಒಳಗೆ ಹಸಿ ಉಳಿದು 2.830 ಕೆ.ಜಿ. ಇರಬಹುದಿತ್ತು. ಆಗ ಲೆಕ್ಕ ಶೇ. 3.1 ಬರುತ್ತದೆ. ಬ್ಲಾಕ್ ಅದೇ. ಕಡಿಮೆ ಒಣಗಿಸಿದಷ್ಟೂ ರಿಪೋರ್ಟ್ ಚಂದ ಆಗುತ್ತದೆ!

ಟೆಸ್ಟ್ ಎರಡೂ ಪಾಸಾದವು, ಆದ್ರ ಅಂಗಳದಾಗ ಹಾಕಿದ ಮ್ಯಾಲೆ ಕುಸಿದವು. ಯಾಕ?

ಎರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಬ್ಲಾಕಿನ ತಪ್ಪಲ್ಲ. ಎರಿ ತೆಗೆದು ಮೊರಂ ತುಂಬಿ ಕುಟ್ಟಿ, ಖಡಿ ಹಾಸು ಹಾಕಿ, ಮೇಲೆ ತೆಳುವಾಗಿ ಉಸುಕು ಹಾಸಿ ಕೂರಿಸದಿದ್ದರೆ ಎಂ-50 ಬ್ಲಾಕ್ ಹಾಕಿದರೂ ಕುಸಿಯುತ್ತದೆ.

## ಪ್ಲಾಸ್ಟಿಕ್ ಬ್ಲಾಕ್

ಯಾವ ಪ್ಲಾಸ್ಟಿಕ್ ಹಾಕಬಹುದು? ಎಲ್ಲಾ ಕಲಸಿ ಕರಗಿಸಿದ್ರ ಆಗೋದಿಲ್ಲೇನು?

ಆಗುವುದಿಲ್ಲ. ಹಾಲಿನ ಪಾಕೀಟು, ತೆಳು ಕ್ಯಾರಿಬ್ಯಾಗ್ ಸುಮಾರು 110 ಡಿಗ್ರಿಗೆ ಕರಗುತ್ತವೆ. ಗಟ್ಟಿ ಡಬ್ಬಿ, ಕ್ಯಾನು 130ಕ್ಕೆ. ಸಿಮೆಂಟ್ ಚೀಲದ ಪಾಲಿಪ್ರೊಪಿಲೀನ್ 160, 165ಕ್ಕೆ. ಇವು ಮೂರನ್ನೂ 180 ಡಿಗ್ರಿ ಆಸುಪಾಸಿನಲ್ಲಿ ಒಟ್ಟಿಗೆ ಕರಗಿಸಬಹುದು. ನೀರಿನ ಬಾಟಲಿಯ ಪೆಟ್ 250 ದಾಟಬೇಕು. ಅಷ್ಟು ಕಾಯಿಸಿದರೆ ಮಿಕ್ಕಿದ್ದು ಸುಟ್ಟು ಹೊಗೆಯಾಡುತ್ತದೆ, ಕಾಯಿಸದಿದ್ದರೆ ಬಾಟಲಿ ಚೂರು ಕರಗದೆ ಬ್ಲಾಕಿನೊಳಗೆ ಉಳಿದು ಅಲ್ಲಿಂದಲೇ ಸೀಳುತ್ತದೆ. ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ, ಅಲ್ಲಿಗೇ ಕೊಡಿ.

ಪಿವಿಸಿ ಪೈಪು, ವೈರಿನ ಸಿಪ್ಪೆ, ರೆಕ್ಸಿನ್ ಒಂದು ಚೂರೂ ಬೇಡ. ಕಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಕಣ್ಣು, ಗಂಟಲು ಉರಿಯುತ್ತವೆ, ಮಷೀನೂ ತುಕ್ಕು ಹಿಡಿಯುತ್ತದೆ. ಕಟ್ಟಿಗೆ ಒಲೆ ಮೇಲೆ ಡ್ರಮ್ಮಿಟ್ಟು ಕರಗಿಸುವ ವಿಡಿಯೋ ನೋಡಿ ಶುರು ಮಾಡಬೇಡಿ. ಉಷ್ಣತೆ ಹಿಡಿತದಲ್ಲಿರುವ, ಹೊಗೆ ಹೊರಗೆಳೆಯುವ ವ್ಯವಸ್ಥೆ ಇರುವ ಮಷೀನ್ ಬೇಕು. ವ್ಯಾಪಾರಕ್ಕೆ ಮಾಡುವುದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಂದಣಿಯೂ ಬೇಕು.

ಬ್ಲಾಕ್ ಒಡೆದು ನೋಡಿದ್ರ ಒಳಗೆಲ್ಲಾ ತೂತು ತೂತು. ಏನ್ ಕಾರಣ?

ಹಸಿ ಉಸುಕು. ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಪ್ಲಾಸ್ಟಿಕ್ 30 ಪಾಲು, ಉಸುಕು 70 ಪಾಲಿನ ಹತ್ತಿರ ಶುರು ಮಾಡುತ್ತಾರೆ. 180 ಡಿಗ್ರಿಯ ಪ್ಲಾಸ್ಟಿಕ್ಕಿಗೆ ಹಸಿ ಉಸುಕು ಬಿದ್ದರೆ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಉಸುಕನ್ನು ಮೊದಲೇ ಹುರಿದು ಬಿಸಿಬಿಸಿಯಾಗಿ ಹಾಕಬೇಕು. ತಣ್ಣನೆ ಉಸುಕು ಹಾಕಿದರೆ ಅದರ ಸುತ್ತ ಪ್ಲಾಸ್ಟಿಕ್ ಹೆಪ್ಪುಗಟ್ಟಿ ಸರಿಯಾಗಿ ಹಿಡಿಯುವುದಿಲ್ಲ. ತೊಳೆಯದ ಹಾಲಿನ ಪಾಕೀಟೂ ಇದೇ ಕೆಲಸ ಮಾಡುತ್ತದೆ. ಇನ್ನು ಬ್ಲಾಕಿನ ನಡುವೆ ತಗ್ಗು ಬಿದ್ದಿದ್ದರೆ ಅದು ತಣ್ಣಗಾಗುವಾಗ ಕುಗ್ಗಿದ್ದು. ಒತ್ತಡದಲ್ಲೇ ತಣ್ಣಗಾಗಲು ಬಿಡಿ, ಅವಸರದಿಂದ ಮೋಲ್ಡ್ ಬಿಚ್ಚಬೇಡಿ.

ಪ್ಲಾಸ್ಟಿಕ್ ಬ್ಲಾಕನ್ನೂ ಅದೇ ಮಷೀನು, ಅದೇ ಓವನ್‌ನಾಗ ಟೆಸ್ಟ್ ಮಾಡಿಸಿದ್ರ ಆತಲ್ಲ?

ಓವನ್ ವಿಷಯದಲ್ಲಿ ಜೋಕೆ. ಕಾಂಕ್ರೀಟಿನ 107 ಡಿಗ್ರಿಯಲ್ಲಿ ಹಾಲಿನ ಪಾಕೀಟಿನ ಬ್ಲಾಕ್ ಇಟ್ಟರೆ ಬೆಳಿಗ್ಗೆ ಟ್ರೇಗೆ ಅಂಟಿಕೊಂಡಿರುತ್ತದೆ. 50, 60 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ನಿಧಾನವಾಗಿ ಒಣಗಿಸಿ, ರಿಪೋರ್ಟಿನಲ್ಲಿ ಹಾಗಂತ ಬರೆಸಿ. ನೀರು ಹೀರುವಿಕೆ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಬರುತ್ತದೆ. ಅದರಿಂದ ಬ್ಲಾಕ್ ಗಟ್ಟಿ ಅಂತ ತಿಳಿಯಬೇಡಿ, ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ ಅಷ್ಟೇ. ಶೇ. 2, 3 ಬಂದರೆ ಮಾತ್ರ ಒಳಗೆ ತೂತು ಇದೆ ಅಂತ ಗೊತ್ತಾಗುತ್ತದೆ.

ಸ್ಟ್ರೆಂತ್ ಟೆಸ್ಟಿನಲ್ಲಿ ಇನ್ನೊಂದು ತೊಡಕು. ಕಾಂಕ್ರೀಟ್ ಬ್ಲಾಕ್ ಶಬ್ದ ಮಾಡಿ ಒಡೆಯುತ್ತದೆ, ಲೋಡ್ ಕೆಳಗಿಳಿಯುತ್ತದೆ, ಅಂಕಿ ಬರೆದುಕೊಳ್ಳುತ್ತೇವೆ. ಪ್ಲಾಸ್ಟಿಕ್ ಬ್ಲಾಕ್ ಒಡೆಯದೆ ಚಪ್ಪಟೆಯಾಗುತ್ತಾ ಹೋಗಬಹುದು. ಚಪ್ಪಟೆಯಾದಷ್ಟೂ ಅಗಲ ಹೆಚ್ಚಿ ಲೋಡ್ ಏರುತ್ತಲೇ ಇರುತ್ತದೆ. ಮಷೀನ್ ತೋರಿಸಿದ ಅತಿ ಹೆಚ್ಚಿನ ಅಂಕಿಗೆ ಆಗ ಅರ್ಥ ಇಲ್ಲ. ಮೊದಲೇ ಒಂದು ಗಡಿ ಹಾಕಿಕೊಳ್ಳಿ. ದಪ್ಪದ ಶೇ. 10, ಅಂದರೆ 60 ಎಂಎಂನಲ್ಲಿ 6 ಎಂಎಂ ಕುಗ್ಗಿದಾಗಿನ ಲೋಡ್ ಎಷ್ಟು, ಅದನ್ನೇ ಬರೆಯಿರಿ. ಪಕ್ಕಕ್ಕೆ ಒಂದು ಡಯಲ್ ಗೇಜ್ ಇಟ್ಟರೆ ಸಾಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕೋಣೆಯ ಉಷ್ಣತೆಯಲ್ಲಿ ನಾಲ್ಕು, 60 ಡಿಗ್ರಿ ನೀರಿನಲ್ಲಿ ಕೆಲವು ತಾಸು ಇಟ್ಟು ತೆಗೆದ ಕೂಡಲೇ ನಾಲ್ಕು ಬ್ಲಾಕ್ ಒತ್ತಿ ನೋಡಿ. ಗದಗಿನ ಏಪ್ರಿಲ್ ಬಿಸಿಲಲ್ಲಿ ಕಪ್ಪು ಬ್ಲಾಕಿನ ಮೇಲ್ಮೈ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಎರಡು ಅಂಕಿಗಳ ನಡುವಿನ ಅಂತರ ನಿಮ್ಮ ಪ್ರಾಜೆಕ್ಟಿನ ಅಸಲಿ ಫಲಿತಾಂಶ.

ಟೆಂಡರಿಗೆ ಪ್ಲಾಸ್ಟಿಕ್ ಬ್ಲಾಕ್ ಕೊಡಬೇಕು. ಐಎಸ್ 15658 ಪಾಸ್ ಅಂತ ರಿಪೋರ್ಟ್ ಬರಸ್ಕೋಬಹುದಾ?

ಆಗುವುದಿಲ್ಲ. ಆ ಮಾನದಂಡ ಇರುವುದು ಕಾಂಕ್ರೀಟ್ ಬ್ಲಾಕಿಗೆ. ಅದರ ವಿಧಾನದ ಯಾವ ಭಾಗ ಅನುಸರಿಸಿದಿರಿ, ಎಲ್ಲಿ ಬದಲಿಸಿದಿರಿ, ಯಾವ ಉಷ್ಣತೆಯಲ್ಲಿ ಒತ್ತಿದಿರಿ ಅಂತ ಬರೆದು ಬಂದ ಅಂಕಿಯನ್ನು ಕೊಡಬಹುದು. ಎಂ-35 ಅಂತ ಗ್ರೇಡ್ ಬರೆಯಲು ಬರುವುದಿಲ್ಲ. ಟೆಂಡರಿನಲ್ಲಿ ಗ್ರೇಡ್ ಕೇಳಿದ್ದರೆ ಹಾರುಬೂದಿ ಬ್ಲಾಕನ್ನೇ ಹಾಕಿ. ಪ್ಲಾಸ್ಟಿಕ್ ಬ್ಲಾಕನ್ನು ಗಾಡಿ ಹೋಗದ ಕಡೆ, ಪಾರ್ಕಿನ ಕಾಲುದಾರಿಗೆ, ಗಿಡದ ನೆರಳಿಗೆ ಕೊಡಿ. ಅಡುಗೆ ಒಲೆ ಹಚ್ಚುವ ಅಂಗಳ, ಪಟಾಕಿ ಹಾರಿಸುವ ಬಯಲು, ಕಸ ಸುಡುವ ಮೂಲೆ ಇರುವ ಕಡೆ ಮಾತ್ರ ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ಕೊಡಬೇಡಿ, ಅದು ಹೊತ್ತಿಕೊಳ್ಳುವ ಮಾಲು.